ಬಡ್ಡಿ ಸೊನ್ನೆ ಅಂದ್ರೆ ಸಾಲ ಪುಕ್ಕಟೆ ಅಂತ ಹೇಳಿದವರಾರು ಸ್ವಾಮಿ?

ಬರೆಯದೆ ತುಂಬಾ ದಿನ ಆಗಿತ್ತು. ಈಗಲೂ ಬರೀತಿರಲಿಲ್ಲವೇನೋ, ಮೊನ್ನೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ನನ್ನ ಬಾಮೈದ ಪಕ್ಕದ ಎಲೆಗೆ ಕೂರದೇ ಇದ್ದಿದ್ದರೆ. ಅವನು ಮಗಳ ಓದಿಗೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಒಂದು ಪಾಲನ್ನು 2024ರ ನವೆಂಬರಿನಲ್ಲಿ ಅಮೆರಿಕದ ಒಂದೇ ಒಂದು ಷೇರಿಗೆ ಹಾಕಿದ್ದಾನೆ. ಷೇರು ಬಿದ್ದಿದೆ. ಬೀಳೋದು ಏಳೋದು ಇದ್ದದ್ದೇ, ಅದಕ್ಕೆ ನನ್ನ ತಕರಾರಿಲ್ಲ. ಅವನು ಕೊಟ್ಟ ಸಮಾಧಾನ ಕೇಳಿ ಮಾತ್ರ ಹೋಳಿಗೆ ಗಂಟಲಲ್ಲೇ ನಿಂತುಬಿಟ್ಟಿತು.

"ಚಿಂತೆ ಇಲ್ಲ ಭಾವ. ಆ ಕಂಪನಿಗೆ 300 ಕೋಟಿ ಡಾಲರ್ ಸೊನ್ನೆ ಬಡ್ಡಿಗೆ ಸಾಲ ಸಿಕ್ಕಿದೆ. ಸಾಲದ ಬದಲು ಷೇರು ಕೊಡಬೇಕಾಗಿ ಬಂದರೂ ಅವತ್ತಿನ ರೇಟಿಗಿಂತ 55% ಜಾಸ್ತಿಗೇ ಕೊಡೋದು. ಪುಕ್ಕಟೆ ದುಡ್ಡು ಅಂದ್ರೆ ಇದೇ ಅಲ್ವಾ?"

ಇದೇ ಮಾತನ್ನು ಒಂದೆರಡು ಕನ್ನಡ ಬ್ಲಾಗುಗಳಲ್ಲೂ ಓದಿದ್ದೆ (ಹೆಸರು ಬೇಡ, ಬರೆದವರು ಸ್ನೇಹಿತರೇ). ಆಗ ಕಮೆಂಟೂ ಹಾಕದೆ ಸುಮ್ಮನಿದ್ದೆ. ಪಂಕ್ತಿಯಲ್ಲೂ ಪೂರ್ತಿ ಹೇಳಲಾಗಲಿಲ್ಲ, ಸಾರು ಬಂತು, ಮಾತು ಹಾರಿತು. ಅದಕ್ಕೇ ಇಲ್ಲಿ ಕಕ್ಕುತ್ತಿದ್ದೇನೆ.

ಮೊದಲು ಊರ ಲೆಕ್ಕ. ಇದೇ ಬಾಮೈದ ತನ್ನ ಮನೆಯ ಮೊದಲ ಮಹಡಿಯನ್ನು ಭೋಗ್ಯಕ್ಕೆ ಕೊಟ್ಟಿದ್ದಾನೆ. 20 ಲಕ್ಷ ಈಸಿಕೊಂಡಿದ್ದಾನೆ, ಮೂರು ವರ್ಷ ಆದ ಮೇಲೆ ಅದೇ 20 ಲಕ್ಷ ವಾಪಸ್ ಕೊಡಬೇಕು. ಬಡ್ಡಿ ಇಲ್ಲ. ಹಾಗಾದರೆ ಅವನಿಗೆ ಪುಕ್ಕಟೆ ಸಾಲ ಸಿಕ್ಕಿತಾ? ಕೇಳಿ ನೋಡಿ, "ಎಲ್ಲಿ ಭಾವ, ತಿಂಗಳಿಗೆ 15 ಸಾವಿರ ಬಾಡಿಗೆ ಹೋಗ್ತಿದೆಯಲ್ಲ" ಅಂತಾನೆ. 20 ಲಕ್ಷಕ್ಕೆ ವರ್ಷಕ್ಕೆ 1 ಲಕ್ಷ 80 ಸಾವಿರ, ಅಂದರೆ 9% ಬಡ್ಡಿ. ನೋಟಿನ ರೂಪದಲ್ಲಿ ಹೋಗದೆ ಮನೆಯ ರೂಪದಲ್ಲಿ ಹೋಯಿತು, ಅಷ್ಟೆ. ತನ್ನ ಮನೆಯ ವಿಷಯಕ್ಕೆ ಇಷ್ಟು ಚುರುಕಾಗಿ ಓಡುವ ತಲೆ ಅಮೆರಿಕದ ಕಂಪನಿ ಅಂದ ಕೂಡಲೇ ಯಾಕೆ ನಿಂತುಹೋಗುತ್ತೆ ಅನ್ನೋದೇ ನನ್ನ ಜಗಳ.

ಈಗ ಆ ಸಾಲಕ್ಕೆ ಬರೋಣ. ಕಂಪನಿ ಮೈಕ್ರೊಸ್ಟ್ರಾಟೆಜಿ, ಬಿಟ್‌ಕಾಯಿನ್ ಕೊಂಡು ಕೊಂಡು ರಾಶಿ ಹಾಕುವ ಕಂಪನಿ. 2025ರಲ್ಲಿ ಹೆಸರನ್ನು ಬರೀ ಸ್ಟ್ರಾಟೆಜಿ ಅಂತ ಮೊಟಕು ಮಾಡಿಕೊಂಡಿತು. 2024ರ ನವೆಂಬರಿನಲ್ಲಿ ಅದು 300 ಕೋಟಿ ಡಾಲರಿನ ಕನ್ವರ್ಟಿಬಲ್ ಬಾಂಡ್ ಮಾರಿತು. ಷರತ್ತುಗಳು ಮುಚ್ಚುಮರೆಯಿಲ್ಲದೆ ಬರೆದಿವೆ, ಯಾರು ಬೇಕಾದರೂ ಓದಬಹುದು (ಯಾರೂ ಓದಲ್ಲ, ಅದು ಬೇರೆ ಮಾತು). 1000 ಡಾಲರಿನ ಒಂದೊಂದು ಬಾಂಡಿಗೆ ಬಡ್ಡಿ ಸೊನ್ನೆ. 2029ರ ಡಿಸೆಂಬರಿನಲ್ಲಿ 1000 ಡಾಲರ್ ವಾಪಸ್. ಬೇಡ ಅನ್ನುವವನು ಬಾಂಡ್ ಕೊಟ್ಟು 1.4872 ಷೇರು ತಗೊಳ್ಳಬಹುದು. ಅಂದರೆ ಷೇರಿಗೆ 672.40 ಡಾಲರ್ ಬಿದ್ದಂತೆ. ಬೆಲೆ ಗೊತ್ತುಮಾಡಿದ ದಿನ ಷೇರು ಸುಮಾರು 433.80 ಇತ್ತು. ಎರಡರ ನಡುವಿನ ಅಂತರವೇ ಬಾಮೈದನ ಆ 55%. ಕನ್ವರ್ಷನ್ ಪ್ರೀಮಿಯಂ ಅಂತಾರೆ.

ಇಂಥ ಬಾಂಡಿಗೆ ಬೆಲೆ ಕಟ್ಟೋದು ಹೇಗೆ? ಅದನ್ನು ಮನಸ್ಸಿನಲ್ಲೇ ಎರಡು ಹೋಳು ಮಾಡಬೇಕು. ಒಂದು ಹೋಳು ಬರೀ ಬಾಂಡ್, ಷೇರಿನ ಗೊಡವೆಯೇ ಇಲ್ಲದ್ದು. ಇನ್ನೊಂದು ಹೋಳು ಷೇರಾಗಿ ಬದಲಾಯಿಸಿಕೊಳ್ಳುವ ಹಕ್ಕು, ಅಂದರೆ ಆಪ್ಷನ್. ಎರಡಕ್ಕೂ ಬೇರೆ ಬೇರೆ ಬೆಲೆ ಕಟ್ಟಿ ಕೂಡಿಸಬೇಕು.

ಬರೀ ಬಾಂಡಿನ ಬೆಲೆ ಸುಲಭ. ಆದರೆ ಆ ಲೆಕ್ಕಕ್ಕೆ ಒಂದು ದರ ಬೇಕು: ಷೇರಿನ ಆಸೆ ತೋರಿಸದೆ ಹೋಗಿದ್ದರೆ ಈ ಕಂಪನಿಗೆ ಎಷ್ಟಕ್ಕೆ ಸಾಲ ಹುಟ್ಟುತ್ತಿತ್ತು? ಇದು ಎಲ್ಲೂ ಬರೆದಿರಲ್ಲ, ನಾವೇ ಅಂದಾಜು ಮಾಡಬೇಕು, ಜಗಳ ಹುಟ್ಟುವ ಜಾಗವೂ ಇದೇ. 2021ರ ಜೂನ್‌ನಲ್ಲಿ, ಅಮೆರಿಕದಲ್ಲಿ ಬಡ್ಡಿ ನೆಲಕಚ್ಚಿದ್ದ ಕಾಲದಲ್ಲಿ, ಇದೇ ಕಂಪನಿ ಅಡಮಾನ ಇಟ್ಟು 50 ಕೋಟಿ ಡಾಲರ್ ಎತ್ತಿತ್ತು. ಆಗಲೇ 6.125% ತೆತ್ತಿತ್ತು. 2025ರ ಮಾರ್ಚಿನಲ್ಲಿ ಪ್ರಿಫರೆನ್ಸ್ ಷೇರು ಮಾರಿದಾಗ 10% ಡಿವಿಡೆಂಡ್ ಒಪ್ಪಿಕೊಂಡಿತು. ಅಡಮಾನವಿಲ್ಲದ ಸಾಲ ಇವೆರಡರ ನಡುವೆ ಎಲ್ಲೋ ಇರಬೇಕು. ನಾನು 8% ಇಟ್ಟುಕೊಂಡಿದ್ದೇನೆ. ನಿಮಗೆ 7 ಸರಿ ಅನಿಸಿದರೆ 7 ಹಾಕಿ, ವಾದ ಬದಲಾಗಲ್ಲ.

ಮೊದಲ ಸಲ ಲೆಕ್ಕ ಹಾಕಿದಾಗ ನಾನೂ ಎಡವಿದ್ದೆ. 2029ರವರೆಗೆ ಐದು ವರ್ಷ ಅಂತ ಹಿಡಿದು 681 ಡಾಲರ್ ಬಂತು ಅಂತ ಖುಷಿಪಟ್ಟೆ. ಆಮೇಲೆ ಷರತ್ತು ಪೂರ್ತಿ ಓದಿದರೆ, 2028ರ ಜೂನ್ 1ಕ್ಕೆ ಬಾಂಡ್ ಇಟ್ಟುಕೊಂಡವನು "ನನ್ನ 1000 ವಾಪಸ್ ಕೊಡಿ" ಅಂತ ಕೇಳಬಹುದು, ಕಂಪನಿ ಕೊಡಲೇಬೇಕು. ಸೊನ್ನೆ ಬಡ್ಡಿಯ ಬರೀ ಬಾಂಡನ್ನು ಯಾವ ಪುಣ್ಯಾತ್ಮ ಇನ್ನೊಂದೂವರೆ ವರ್ಷ ಇಟ್ಟುಕೊಂಡಾನು? ಹಾಗಾಗಿ ಬರೀ ಬಾಂಡಿನ ಆಯಸ್ಸು ಐದಲ್ಲ, ಮೂರೂವರೆ ವರ್ಷ. ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ ಇಷ್ಟು ಬರೆದರೆ ಸಾಕು:

```
=1000/1.08^3.5
```

763.9 ಬರುತ್ತೆ. 764 ಅನ್ನೋಣ.

ಕೊಂಡವನು 1000 ಕೊಟ್ಟಿದ್ದಾನೆ, ಅವನ ಕೈಗೆ ಬಂದ ಬರೀ ಬಾಂಡಿನ ಬೆಲೆ 764. ಉಳಿದ 236 ಎಲ್ಲಿ ಹೋಯಿತು? ಅದು ದಾನವಲ್ಲ ಕಣ್ರೀ. ಅದು ಆಪ್ಷನ್ನಿಗೆ ಕೊಟ್ಟ ಕ್ರಯ. ಮೂರೂವರೆ ವರ್ಷದ ಬಡ್ಡಿಯನ್ನು ಅವನು ಬಿಟ್ಟುಕೊಟ್ಟಿದ್ದು ಈ ಹಕ್ಕಿಗಾಗಿ. ಕಂಪನಿ ಬಡ್ಡಿ ಉಳಿಸಿದ್ದೂ ನಿಜ, ಅದಕ್ಕೆ ಬದಲಾಗಿ ತನ್ನ ಷೇರಿನ ಮೇಲಿನ ಹಕ್ಕನ್ನು ಮಾರಿಕೊಂಡಿದ್ದೂ ಅಷ್ಟೇ ನಿಜ. ಭೋಗ್ಯದ ಮನೆ ನೆನಪಿದೆಯಲ್ಲ, ಅದೇ.

ಈಗ ಆ 55%. "ಮಾರುಕಟ್ಟೆಗಿಂತ 55% ಜಾಸ್ತಿಗೆ ಷೇರು ಮಾರಿದರು" ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತೆ. ಮಾರಿಲ್ಲ. 672.40ಕ್ಕೆ ಕೊಂಡುಕೊಳ್ಳುವ ಹಕ್ಕನ್ನು ಮಾರಿದ್ದಾರೆ. ಷೇರು 672 ದಾಟದಿದ್ದರೆ ಯಾರೂ ಷೇರು ಕೇಳಲ್ಲ, ದುಡ್ಡೇ ಕೇಳುತ್ತಾರೆ. ದಾಟಿದರೆ ಮಾತ್ರ ಕೇಳುತ್ತಾರೆ, ಆಗ 672 ಅನ್ನೋದು ಅಗ್ಗದ ಬೆಲೆ. ಅಂದರೆ ಕಂಪನಿ ಷೇರು ಕೊಡುವ ಸಂದರ್ಭ ಬಂದಾಗಲೆಲ್ಲ ಅದನ್ನು ಅವತ್ತಿನ ರೇಟಿಗಿಂತ ಕಡಿಮೆಗೇ ಕೊಡುತ್ತೆ. "55% ಜಾಸ್ತಿ" ಅನ್ನೋದು ಬಾಂಡ್ ಬರೆದ ದಿನದ ರೇಟಿಗೆ ಹೋಲಿಸಿದ ಅಂಕಿ. ಷೇರು ಕೈ ಬದಲಾಗುವ ದಿನ ಅದಕ್ಕೆ ಅರ್ಥವಿಲ್ಲ.

ಇನ್ನೊಂದು ರೀತಿ ನೋಡಿ. ಬಾಂಡ್ ಕೊಂಡ ದಿನವೇ ಯಾರಾದರೂ ಅದನ್ನು ಷೇರಾಗಿ ಬದಲಾಯಿಸಿದ್ದರೆ 1.4872 ಗುಣಿಲೆ 433.80, ಅಂದರೆ 645 ಡಾಲರಿನ ಮಾಲು. 1000 ಕೊಟ್ಟು 645ರ ಮಾಲಿನ ಮೇಲೆ ಹಕ್ಕು ಪಡೆದವನು 55% ಹೆಚ್ಚು ತೆತ್ತಿದ್ದಾನೆ, ಸರಿ. ಯಾಕೆ ತೆತ್ತ? ಷೇರು ಮುಗ್ಗರಿಸಿದರೂ ಕೆಳಗೆ 764ರ ಬರೀ ಬಾಂಡ್ ಇದೆ ಅಂತ. ಬಾಂಡಿನ ಕಡೆಯಿಂದ ಅಳೆದರೆ ಅವನು ತೆತ್ತ ಹೆಚ್ಚಳ 31% ಮಾತ್ರ. ನಮ್ಮವರು ದೊಡ್ಡದಾಗಿ ಕಾಣುವ 55ನ್ನು ಹಿಡಿದು ಕುಣಿಯುತ್ತಾರೆ, ಈ 31ನ್ನು ಯಾರೂ ಕೇಳಲ್ಲ.

2024ರ ಜೂನ್‌ನಲ್ಲಿ ಇದೇ ಕಂಪನಿ ಇನ್ನೊಂದು ಕನ್ವರ್ಟಿಬಲ್ ಮಾರಿತ್ತು. ಆಗ ಪ್ರೀಮಿಯಂ 35%, ಬಡ್ಡಿ 2.25%. ಐದೇ ತಿಂಗಳಲ್ಲಿ ಪ್ರೀಮಿಯಂ 55ಕ್ಕೆ ಏರಿ ಬಡ್ಡಿ ಸೊನ್ನೆಗೆ ಇಳಿಯಿತು. ಐದು ತಿಂಗಳಲ್ಲಿ ಕಂಪನಿ ಅಷ್ಟೊಂದು ನಂಬಿಗಸ್ಥ ಆಗಿಬಿಟ್ಟಿತಾ? ಇಲ್ಲ. ಷೇರಿನ ಕುಣಿತ ಜಾಸ್ತಿಯಾಗಿತ್ತು. ಬಾಂಡ್ ವಿತರಣೆ ಮುಗಿದ ನವೆಂಬರ್ 21ರ ಒಂದೇ ದಿನದಲ್ಲಿ ಷೇರು 540 ಮುಟ್ಟಿ, ಸಂಜೆ 400ಕ್ಕಿಂತ ಕೆಳಗೆ ಬಂದು ನಿಂತಿತು. ಸಾಲ ಕೊಟ್ಟವನಿಗೆ ಇಂಥ ಕುಣಿತ ಹೆದರಿಕೆ, ಆಪ್ಷನ್ ಇಟ್ಟುಕೊಂಡವನಿಗೆ ಹಬ್ಬ. ಯಾಕೆಂದರೆ ಮೇಲೆ ಹೋದರೆ ಎಲ್ಲ ಅವನದು, ಕೆಳಗೆ ಹೋದರೆ ಅವನು ಕಳಕೊಳ್ಳುವುದು ಕೊಟ್ಟ ಕ್ರಯ ಮಾತ್ರ. ಕುಣಿತ ಹೆಚ್ಚಿದಷ್ಟೂ ಆಪ್ಷನ್ ದುಬಾರಿ. ಸೊನ್ನೆ ಬಡ್ಡಿ ಬಂದಿದ್ದು ಕಂಪನಿಯ ಸಾಲದ ಯೋಗ್ಯತೆಯಿಂದಲ್ಲ, ಷೇರಿನ ಹುಚ್ಚಾಟದಿಂದ.

ಹಾಗಾದರೆ 236 ಸರಿಯಾದ ಕ್ರಯವೇ? ಬ್ಲ್ಯಾಕ್-ಶೋಲ್ಸ್ ಸೂತ್ರಕ್ಕೆ ಹಾಕಿ ನೋಡಿದೆ. ಷೇರು 433.80, ಕೊಳ್ಳುವ ಬೆಲೆ 672.40, ಅವಧಿ ಮೂರೂವರೆ ವರ್ಷ, ಅಪಾಯವಿಲ್ಲದ ಬಡ್ಡಿ 4.2%. ಷೇರಿನ ವಾರ್ಷಿಕ ಏರಿಳಿತ 63% ಅಂತ ಹಿಡಿದರೆ ಒಂದು ಬಾಂಡಿನ ಆಪ್ಷನ್ ಸುಮಾರು 236ಕ್ಕೆ ಸರಿಹೋಗುತ್ತೆ. ಆದರೆ ಆ ದಿನಗಳಲ್ಲಿ ಈ ಷೇರಿನ ನಿಜವಾದ ಏರಿಳಿತ 90%ಗಿಂತ ಕೆಳಗಿರಲಿಲ್ಲ. 90 ಹಾಕಿದರೆ ಆಪ್ಷನ್ ಸುಮಾರು 350. ಅಂದರೆ 764 ಕೂಡಿಸು 350, ಹತ್ತಿರ ಹತ್ತಿರ 1115 ಡಾಲರಿನ ಮಾಲನ್ನು ಕಂಪನಿ 1000ಕ್ಕೆ ಮಾರಿತು! 236ರ ಬಡ್ಡಿ ಉಳಿಸಲು 350ರ ಹಕ್ಕು ಕೊಟ್ಟಂತೆ. ಇಂಥ ಬಾಂಡುಗಳಿಗೆ ಹೆಡ್ಜ್ ಫಂಡುಗಳು ಮುಗಿಬೀಳುವುದು ಇದಕ್ಕೇ. ಅವರಿಗೆ ಬಿಟ್‌ಕಾಯಿನ್ ಮೇಲೆ ಭಕ್ತಿಯೇನೂ ಇರಬೇಕಾಗಿಲ್ಲ. ಬಾಂಡ್ ಕೊಂಡು, ಅದೇ ಷೇರನ್ನು ಅಳತೆಗೆ ತಕ್ಕಂತೆ ಶಾರ್ಟ್ ಮಾಡಿ, ಕುಣಿತವನ್ನೇ ಹಿಂಡಿ ದುಡ್ಡು ಮಾಡುವವರು ಅವರು.

ಇಲ್ಲಿ ನಾನು ಪ್ರಾಮಾಣಿಕವಾಗಿರಬೇಕು. 350 ಅನ್ನೋದು ಮೇಲಿನ ಅಂದಾಜು. ಎರಡು ಕಾರಣ. 2026ರ ಡಿಸೆಂಬರ್ ನಂತರ ಷೇರು ಸಾಕಷ್ಟು ದಿನ 672.40ರ ಮೇಲೆ ಇನ್ನೂ 30%, ಅಂದರೆ 874ರ ಮೇಲೆ ನಿಂತರೆ, ಕಂಪನಿ ಬಾಂಡನ್ನು ವಾಪಸ್ ಕರೆಯಬಹುದು. ಆಗ ಬಾಂಡುದಾರ ಅಲ್ಲಿಗೇ ಬದಲಾಯಿಸಿಕೊಳ್ಳಬೇಕು, ಇನ್ನೂ ಕಾಯುವ ಅವಕಾಶದ ಬೆಲೆ ಹೋಯಿತು. ಎರಡನೆಯದು, ಸೂತ್ರದಲ್ಲಿ ನಾನು ಕೊಳ್ಳುವ ಬೆಲೆ 672.40 ಅಂತ ಗಟ್ಟಿಯಾಗಿ ಇಟ್ಟಿದ್ದೇನೆ. ನಿಜದಲ್ಲಿ ಅವನು ಕೊಡುವುದು ನಗದನ್ನಲ್ಲ, ಬಾಂಡನ್ನು. ಆ ಬಾಂಡಿನ ಬೆಲೆಯೇ ದಿನಾ ಬದಲಾಗುತ್ತಿರುತ್ತೆ. ಮಾರುಕಟ್ಟೆಯವರು ಇದಕ್ಕೆಲ್ಲ ಷೇರಿನ ಹಾದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವ ಮಾದರಿ ಬಳಸುತ್ತಾರೆ. ಇದನ್ನೆಲ್ಲ ಕಳೆದು 350 ಹೋಗಿ 280 ಆಗಲಿ, 250 ಆಗಲಿ. ಸೊನ್ನೆಯಂತೂ ಆಗಲ್ಲ. ನನ್ನ ಜಗಳ ಸೊನ್ನೆಯ ಜೊತೆ.

"ಅದೆಲ್ಲ ಸೂತ್ರದ ಮಾತು, ನಿಜವಾಗಿ ಯಾರು ಏನು ಕಳಕೊಂಡರು ತೋರಿಸಿ" ಅನ್ನುವವರಿಗೆ ಇದೇ ಕಂಪನಿಯ ಹಳೆಯ ಬಾಂಡ್ ಇದೆ. 2021ರ ಫೆಬ್ರುವರಿಯಲ್ಲಿ ಮಾರಿದ 105 ಕೋಟಿ ಡಾಲರಿನದು. ಅದೂ ಸೊನ್ನೆ ಬಡ್ಡಿ, ಪ್ರೀಮಿಯಂ 50%. ಆಮೇಲೆ ಒಂದು ಷೇರು ಹತ್ತಾಯಿತು. ಆ ಲೆಕ್ಕದಲ್ಲಿ ಅವತ್ತಿನ ಷೇರು 95.50, ಬದಲಾಯಿಸುವ ಬೆಲೆ ಸುಮಾರು 143. 2025ರ ಫೆಬ್ರುವರಿಯಲ್ಲಿ ಕಂಪನಿ ಅದನ್ನು ವಾಪಸ್ ಕರೆಯಿತು. 1000 ಡಾಲರ್ ಕೊಟ್ಟವನಿಗೆ ಸುಮಾರು 7 ಷೇರು. ಷೇರು ಆಗ 280ರ ಆಸುಪಾಸು. ಗುಣಿಸಿ ನೋಡಿ, 1960 ಡಾಲರ್. ನಾಲ್ಕು ವರ್ಷಕ್ಕೆ ದುಡ್ಡು ಹತ್ತಿರ ಹತ್ತಿರ ಎರಡರಷ್ಟು, ಅಂದರೆ ವರ್ಷಕ್ಕೆ 18% ಚಕ್ರಬಡ್ಡಿ ಕೊಟ್ಟ ಹಾಗಾಯಿತು. ಸೊನ್ನೆಯಂತೆ!

ಇದಕ್ಕೆ ಒಂದು ಒಳ್ಳೆಯ ಉತ್ತರವೂ ಇದೆ, ಮುಚ್ಚಿಡಲ್ಲ. 2021ರಲ್ಲಿ ಬಾಂಡಿನ ಬದಲು 95.50ಕ್ಕೆ ಷೇರನ್ನೇ ಮಾರಿದ್ದರೆ 1000 ಡಾಲರಿಗೆ ಹತ್ತೂವರೆ ಷೇರು ಹೋಗುತ್ತಿತ್ತು, 7 ಅಲ್ಲ. ಹಾಗಾಗಿ ಷೇರು ಮಾರುವುದಕ್ಕೆ ಹೋಲಿಸಿದರೆ ಇದು ಮೇಲು, ಬರೀ ಸಾಲಕ್ಕೆ ಹೋಲಿಸಿದರೆ ದುಬಾರಿ. ಕನ್ವರ್ಟಿಬಲ್ ಅಂದರೆ ಅಷ್ಟೇ, ಅಲ್ಲೂ ಸಲ್ಲುವ ಇಲ್ಲೂ ಸಲ್ಲುವ ನಡುವಿನ ಮಾಲು. ಅದು ತಪ್ಪು ಅಂತ ನಾನೆಲ್ಲಿ ಹೇಳಿದೆ? ಪುಕ್ಕಟೆ ಅನ್ನಬೇಡಿ ಅಂದೆ.

ಈ ಭ್ರಮೆ ಹರಡುವುದರಲ್ಲಿ ಲೆಕ್ಕಪತ್ರದ ಪಾಲೂ ಇದೆ. ನಮ್ಮ ದೇಶದ ಇಂಡ್-ಎಎಸ್ 32 ಪ್ರಕಾರ ಇಂಥ ಬಾಂಡನ್ನು ಪುಸ್ತಕದಲ್ಲೇ ಸೀಳಬೇಕು. ಮೊದಲು ಬರೀ ಸಾಲದ ಬೆಲೆ ಕಟ್ಟಿ, ಉಳಿದದ್ದನ್ನು ಬಂಡವಾಳದ ಕಡೆ ಬರೆಯಬೇಕು. ನಮ್ಮ ಉದಾಹರಣೆಗೆ 764 ಸಾಲ, 236 ಆಪ್ಷನ್. ವರ್ಷ ವರ್ಷ ಆ 764ರ ಮೇಲೆ 8% ಬಡ್ಡಿ ಖರ್ಚು ಬರೆಯುತ್ತಾ ಹೋಗಬೇಕು, ದುಡ್ಡು ಕೈಬಿಟ್ಟು ಹೋಗದಿದ್ದರೂ. 300 ಕೋಟಿಗೆ ಮೊದಲ ವರ್ಷವೇ 18 ಕೋಟಿ ಡಾಲರ್ ಚಿಲ್ಲರೆ ಖರ್ಚು ಕಾಣುತ್ತಿತ್ತು. ಅಮೆರಿಕದಲ್ಲೂ ಬಹಳಷ್ಟು ಕನ್ವರ್ಟಿಬಲ್‌ಗಳಿಗೆ ಹಿಂದೆ ಹೀಗೇ ಸೀಳುವ ನಿಯಮವಿತ್ತು. 2020ರ ಆಗಸ್ಟಿನಲ್ಲಿ ಅಲ್ಲಿನ ಲೆಕ್ಕಪತ್ರ ಮಂಡಳಿ ಹೊಸ ನಿಯಮ ತಂದು ಅದನ್ನು ತೆಗೆದುಹಾಕಿತು. ಈಗ 1000ಕ್ಕೆ 1000 ಸಾಲ ಅಂತ ಬರೆದರಾಯಿತು, ಬಾಂಡ್ ಮಾರಿದ ಖರ್ಚನ್ನು ಹಂಚಿ ಹಾಕಿದರೆ ವರ್ಷಕ್ಕೆ ಒಂದು ಕೋಟಿ ಡಾಲರೂ ಆಗಲ್ಲ. ಸರಳವಾಗಲಿ ಅಂತ ಮಾಡಿದ್ದಂತೆ. ಸರಳವಾಯಿತು, ಆದರೆ ಆಪ್ಷನ್ನಿನ ಕ್ರಯ ಲಾಭ-ನಷ್ಟದ ಪಟ್ಟಿಯಿಂದಲೇ ಮಾಯವಾಯಿತು. ಬಾಮೈದ ಓದಿದ್ದು ಆ ಪಟ್ಟಿಯನ್ನೇ.

ಇನ್ನು ಷೇರು ಏರದೇ ಹೋದರೆ? ಆಗ ಆಪ್ಷನ್ ಸತ್ತಂತೆ, ಕಂಪನಿಗೆ ನಿಜವಾಗಿ ಬಡ್ಡಿ ಉಳಿದಂತೆ. ಆದರೆ ಆ ಸ್ಥಿತಿಯಲ್ಲಿ ಸಾಲ ಷೇರಾಗಿ ಕರಗಲ್ಲ, ಅಸಲನ್ನು ಎಣಿಸಿ ಕೊಡಬೇಕು. ಅದೂ ಷೇರು ಬಿದ್ದು, ಹೊಸ ಸಾಲ ಹುಟ್ಟದ ಹೊತ್ತಿನಲ್ಲಿ. ನಮ್ಮವರು ಇದನ್ನು ನೋಡಿಯೇ ಇದ್ದಾರೆ. 2007ರಲ್ಲಿ ಸುಜ್ಲಾನ್ ಸೊನ್ನೆ ಬಡ್ಡಿಯ ವಿದೇಶಿ ಕರೆನ್ಸಿ ಕನ್ವರ್ಟಿಬಲ್ ಮಾರಿತ್ತು, ಷೇರು ಆಕಾಶದಲ್ಲಿದ್ದಾಗ. 2008ರ ನಂತರ ಷೇರು ನೆಲಕ್ಕೆ ಬಂತು, ಯಾರೂ ಬದಲಾಯಿಸಿಕೊಳ್ಳಲಿಲ್ಲ. 2012ರ ಅಕ್ಟೋಬರಿನಲ್ಲಿ 20 ಕೋಟಿ ಡಾಲರಿಗಿಂತ ಹೆಚ್ಚು ಕೊಡಬೇಕಾಗಿ ಬಂದಾಗ ಕೊಡಲಾಗಲಿಲ್ಲ. ಬಡ್ಡಿ ಸೊನ್ನೆ ಇದ್ದರೇನು ಬಂತು.

ಈಗ ನಮ್ಮ 2024ರ ಬಾಂಡನ್ನೇ 2025ರ ಕೊನೆಯಲ್ಲಿ ನಿಲ್ಲಿಸಿ ನೋಡಿ. ಷೇರು ಸುಮಾರು 150. ಬದಲಾಯಿಸಿದರೆ 223 ಡಾಲರಿನ ಮಾಲು. 2028ರ ಜೂನ್‌ಗೆ ಇನ್ನು ಎರಡು ವರ್ಷ ಐದು ತಿಂಗಳು, ಹಳೆಯ 8%ನಲ್ಲೇ ಬರೀ ಬಾಂಡ್ 830. ಷೇರು ಬಿದ್ದ ಕಂಪನಿಗೆ 8ಕ್ಕೆ ಯಾರು ಕೊಡುತ್ತಾರೆ ಅಂತ 12 ಹಾಕಿದರೆ 760. ನೆಲ ಅಂತ ಕರೆದದ್ದು ಕೂಡ ಸ್ವಲ್ಪ ಕುಸಿಯುತ್ತೆ ನೋಡಿ, ಅದು ಕಾಂಕ್ರೀಟಲ್ಲ. ಆದರೂ ಬಾಂಡ್ ಕೊಂಡವನು ಕಾಗದದ ಮೇಲೆ ಕಾಲು ಪಾಲು ಕಳಕೊಂಡಿರಬಹುದು, 433ಕ್ಕೆ ಷೇರು ಕೊಂಡವನು ಮೂರರಲ್ಲಿ ಎರಡು ಪಾಲು ಕಳಕೊಂಡ. ಮೇಲೆ ಹೋಗಿದ್ದರೆ 672ರ ಆಚೆಯದ್ದನ್ನು ಬಾಂಡುದಾರ ಹಂಚಿಕೊಳ್ಳುತ್ತಿದ್ದ. ಹಾಗೆ ಹಂಚಿಕೊಟ್ಟವನು ಯಾರು? ಕಂಪನಿ ಅಂದರೆ ಯಾರು? ಷೇರುದಾರ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಕಳೆದ ಭಾನುವಾರ ಅವನ ಮನೆಗೇ ಹೋದೆ. ಕಾಫಿ ಕುಡಿಯುತ್ತಾ ಪೂರ್ತಿ ಓದಿದ. ಜಗಳ ಆಡಲಿಲ್ಲ, ಅದೇ ಆಶ್ಚರ್ಯ. 236ರ ಕೆಳಗೆ ಪೆನ್ನಲ್ಲಿ ಗೆರೆ ಎಳೆದು ಕೇಳಿದ, "ಭಾವ, ಹಾಗಾದ್ರೆ ಈ ಬಡ್ಡಿ ಕಟ್ಟುತ್ತಿದ್ದದ್ದು ನಾನಾ?"

"ನೀನೇ ಮಾರಾಯ. ಮೇಲಿನ ಮಹಡಿ ನಿಂದಲ್ವಾ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳನ್ನು ಕರೆದು ಅವಳ ಕಾಲೇಜಿನ ಫೀಸು ಯಾವ ತಿಂಗಳು ಕಟ್ಟಬೇಕು ಅಂತ ಕೇಳಿದ. ಷೇರನ್ನು ಏನು ಮಾಡ್ತಾನೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಲೆಕ್ಕದಲ್ಲಿ ತಪ್ಪಿದ್ದರೆ ಕೆಳಗೆ ಬರೆಯಿರಿ, ತಿದ್ದಿಕೊಳ್ಳುತ್ತೇನೆ. 8% ಯಾಕೆ ಅಂತ ಬೈಯುವವರು ನಿಮ್ಮ ದರವನ್ನೂ ಜೊತೆಗೇ ಹಾಕಿ ಬೈಯಿರಿ :-)